ಪದಚರ್ಚೆ: "ತಳ್ಳಿಹಾಕಲು ಆಗಲಿಲ್ಲ" ಅಂದ್ರ "ಒಪ್ಪಿದ್ವಿ" ಅಂತ ಬರೀಬಹುದೇನ್ರಿ?

ಎಲ್ಲಾರಿಗೂ ನಮಸ್ಕಾರ. ನಾನು ಧಾರವಾಡದಾಗ ಬಿ.ಎಸ್ಸಿ. ಹುಡುಗರಿಗೆ ಸ್ಟ್ಯಾಟಿಸ್ಟಿಕ್ಸ್ ಹೇಳ್ತೀನಿ. ಈ ಸಲ ಹೈಪೋಥಿಸಿಸ್ ಟೆಸ್ಟಿಂಗ್ ಪಾಠಕ್ಕ ಪುಸ್ತಕದ ಲೆಕ್ಕ ಬಿಟ್ಟು ಅವರದ ಡೇಟಾ ತಗೊಂಡ್ವಿ. ಒಬ್ಬರು 30 ಸೆಂಟಿಮೀಟರ್ ಸ್ಕೇಲ್ ಬಿಡೋದು, ಇನ್ನೊಬ್ಬರು ಬೆರಳಿನಿಂದ ಹಿಡಿಯೋದು, ಎಷ್ಟು ಸೆಂಟಿಮೀಟರ್ ಜಾರಿತು ಅಂತ ಬರಕೊಳ್ಳೋದು. 16 ಜನ, ಎಲ್ಲಾರೂ ಬಲಗೈಯವರ, ಎರಡೂ ಕೈಲೆ ಹಿಡದ್ರು. ಬಲಗೈ ಸರಾಸರಿ 17 ಸೆಂಟಿಮೀಟರ್, ಎಡಗೈ 18.2. ಶೂನ್ಯ ಪ್ರಾಕ್ಕಲ್ಪನೆ ಏನಂದ್ರ ಎರಡೂ ಕೈಗೆ ಸರಾಸರಿ ವ್ಯತ್ಯಾಸ ಇಲ್ಲ. ಒಬ್ಬೊಬ್ಬರದು ಎಡ ಕಳೆ ಬಲ ತಗದ್ರ ಆ ವ್ಯತ್ಯಾಸದ ಸ್ಟ್ಯಾಂಡರ್ಡ್ ಡೀವಿಯೇಷನ್ 3.2 ಬಂತು, 16ರ ವರ್ಗಮೂಲದಿಂದ ಭಾಗಿಸಿದ್ರ 0.8, ಅಂದ್ರ ಟಿ ಬೆಲೆ 1.2 ಭಾಗಿಸು 0.8, 1.5. ಟೇಬಲ್‌ನಾಗ ಶೇಕಡಾ 5ಕ್ಕ 2.131 ದಾಟಬೇಕು, ದಾಟಲಿಲ್ಲ.

ಇಲ್ಲಿಗೆ ಎಲ್ಲಾ ಸರಿ ಅದ, ಕನ್ನಡದಾಗ ಬರಿಯೋವಾಗ ಮಾತ್ರ ಅರ್ಧ ಕ್ಲಾಸು "ಶೂನ್ಯ ಪ್ರಾಕ್ಕಲ್ಪನೆ ಸಾಬೀತಾಯಿತು" ಅಂತ ಬರದಾರ, ಉಳದವರು "ಒಪ್ಪಲಾಗಿದೆ" ಅಂತ. ನನಗ ಎರಡೂ ಸರಿ ಅನಸವಲ್ಲದು. "ತಳ್ಳಿಹಾಕಲು ಆಗಲಿಲ್ಲ" ಅನ್ನೋದಕ್ಕ ಒಂದು ಚಲೋ ಪದ ಹೇಳ್ರಿ.

ಹುಬ್ಬಳ್ಳಿಯಿಂದ ಬಂದ ಉತ್ತರ:
"ಒಪ್ಪಲಾಗಿದೆ" ಅಂದ್ರ ಏನ್ ತಪ್ಪ್ರಿ ಸರ? ತಳ್ಳಲಿಲ್ಲ ಅಂದ್ಮ್ಯಾಲೆ ಒಪ್ಪಿದಂಗ ಆತಲ್ಲ. ಪಿ ಬೆಲೆ 0.15 ಹತ್ರ ಬರ್ತದ, ಅಂದ್ರ ಶೂನ್ಯ ಪ್ರಾಕ್ಕಲ್ಪನೆ ಖರೇ ಇರೋ ಸಾಧ್ಯತೆ ಶೇಕಡಾ 15. ಅದು 5ಕ್ಕಿಂತ ಜಾಸ್ತಿ ಅದ, ಅದಕ್ಕ ಒಪ್ಪಿದ್ವಿ. ಅಷ್ಟ.

ಹಾವೇರಿಯಿಂದ:
ನಾವೂ ಇದನ್ನ ಅನುಭವಿಸೇವ್ರಿ. ಎರಡು ಕಂಪನಿ ಗೋವಿನಜೋಳದ ಬೀಜ ನೂರು ನೂರು ಹಾಕಿ ನೋಡಿದ್ವಿ, ಒಂದು ಸ್ವಲ್ಪ ಜಾಸ್ತಿ ಮೊಳಕೆ ಒಡೀತು, ಅಂಗಡಿಯವರು "ಫರಕ್ ಇಲ್ಲ ತಗೋರಿ" ಅಂದ್ರು. ಅದಕ್ಕ ನನ್ನ ಪ್ರಕಾರ "ಊಹೆ" ಅನ್ನೋ ಪದ ಸಾಕು, ಪ್ರಾಕ್ಕಲ್ಪನೆ ಅಂದ್ರ ನಾಲಿಗೆ ಹೊರಳೂದಿಲ್ಲ.

(ನಾನು ಕೇಳಿದ್ದು ಆ ಪದಕ್ಕಲ್ರಿ, ಆದ್ರೂ ನಾಲಿಗೆ ವಿಷಯ ಖರೇ.)

ಗದಗಿನಿಂದ ಒಬ್ಬ ಮೇಡಂ:
ಹುಬ್ಬಳ್ಳಿಯವರು ಪಿ ಬೆಲೆ ಲೆಕ್ಕ ಸರಿ ಹೇಳ್ಯಾರ, ಅರ್ಥ ತಿರುವು ಆಗೇದ. ಕೈಗೆ ಫರಕ್ಕ ಇಲ್ಲ ಅಂತ ಮೊದಲ ಹಿಡಕೊಂಡು, ಹಂಗಿದ್ರೂ ಬರೀ ಅಡ್ಡಾದಿಡ್ಡಿಯಿಂದ ಟಿ 1.5 ಅಥವಾ ಅದಕ್ಕಿಂತ ದೂರ, ಆ ಕಡೆ ಈ ಕಡೆ ಎರಡೂ ಸೇರಿ, ಬರೋ ಸಾಧ್ಯತೆ ಅದು. ಪ್ರಾಕ್ಕಲ್ಪನೆ ಖರೇನೋ ಸುಳ್ಳೋ ಅನ್ನೋದರ ಸಾಧ್ಯತೆ ಅಲ್ಲ. ಫಿಶರ್ 1935ರ ಪುಸ್ತಕದಾಗ ಸಾಫ್ ಬರದಾನ, ಶೂನ್ಯ ಪ್ರಾಕ್ಕಲ್ಪನೆ ಯಾವತ್ತೂ ಸಾಬೀತಾಗೂದಿಲ್ಲ, ಸುಳ್ಳು ಅಂತ ತೋರಿಸಲಿಕ್ಕೆ ಮಾತ್ರ ಬರಬಹುದು ಅಂತ.

ಹುಡುಗರಿಗೆ ಇದು ಮನಸಿಗೆ ನಾಟಬೇಕಂದ್ರ ಅವರ ಡೇಟಾದಾಗ ಇನ್ನೊಂದ ಹೆಜ್ಜೆ ಹಾಕಸ್ರಿ. 2.131 ಗುಣಿಸು 0.8 ಅಂದ್ರ ಸುಮಾರು 1.7. ಅದನ್ನ 1.2ಕ್ಕ ಕೂಡಿಸಿ ಕಳದ್ರ ಮೈನಸ್ 0.5ರಿಂದ 2.9. ಸೊನ್ನೆ ಇದರೊಳಗ ಅದ, ಹಂಗಾಗಿ ತಳ್ಳಲಿಕ್ಕೆ ಆಗಲಿಲ್ಲ. ಆದ್ರ 2.5ನೂ ಇದರೊಳಗ ಅದಲ್ಲ, ಎಡಗೈ ಎರಡೂವರೆ ಸೆಂಟಿಮೀಟರ್ ನಿಧಾನ ಅನ್ನೋದನ್ನೂ ಈ ಡೇಟಾ ತಳ್ಳಿಲ್ಲ. ಎರಡನ್ನೂ "ಒಪ್ಪಿದ್ವಿ" ಅನ್ನಲಿಕ್ಕೆ ಬರ್ತದೇನು? ನಾನು "ತಳ್ಳಲು ಪುರಾವೆ ಸಾಲಲಿಲ್ಲ" ಅಂತ ಬರಸ್ತೀನಿ. ಖರೇ ವ್ಯತ್ಯಾಸ 1.2 ಇದ್ದು, ಅಡ್ಡಾದಿಡ್ಡಿ ಇಷ್ಟ ಇದ್ರ, ಐದರಾಗ ನಾಲ್ಕು ಸಲ ಟೆಸ್ಟಿಗೆ ಆ ವ್ಯತ್ಯಾಸ ಸಿಗಬೇಕಂದ್ರ ಸುಮಾರು 60 ಜನ ಬೇಕಾಗ್ತಾರ, 16ರಾಗ ಏನ್ ಸಿಕ್ಕೀತು.

ಮತ್ತೊಂದು ಕೇಳ್ತೀನಿ ಸರ, ಮೊದಲು ಯಾವ ಕೈಲೆ ಹಿಡದ್ರು?

ನಾನು:
ಎಲ್ಲಾರೂ ಬಲಗೈ ಮೊದಲು, ಆಮೇಲೆ ಎಡಗೈ.

ಗದಗಿನ ಮೇಡಂ:
ಅಲ್ಲೇ ನೋಡ್ರಿ. ಬಲಗೈಲೆ ಹಿಡಿಯೋವಾಗ ಅಭ್ಯಾಸ ಆಗಿ ಎಡಗೈ ಸರದಿ ಬರೋದ್ರೊಳಗ ಚುರುಕಾಗಿರ್ತಾರ, ಹಂಗಿದ್ರ ಎಡಗೈಯ ನಿಧಾನ ಮುಚ್ಚಿ ಹೋಗ್ತದ. ದಣಿದಿದ್ರ ಉಲ್ಟಾ. ಯಾವುದು ಅಂತ ಈ ಟಿ ಬೆಲೆ ನೋಡಿ ಹೇಳಲಿಕ್ಕೆ ಬರೂದಿಲ್ಲ. ಒಬ್ಬೊಬ್ಬರಿಗೂ ನಾಣ್ಯ ಚಿಮ್ಮಿ ಕೈ ಗೊತ್ತುಮಾಡ್ರಿ, ಮೊದಲಿನ ಎರಡು ಮೂರು ಸಲ ಲೆಕ್ಕಕ್ಕ ಹಿಡೀಬ್ಯಾಡ್ರಿ. 4–5 ಸೆಂಟಿಮೀಟರ್‌ಗೆ ಹಿಡದ್ರ ಅದು 0.1 ಸೆಕೆಂಡ್ ಆತು, ಅಂಥವರು ಸ್ಕೇಲ್ ಬಿಡೋಕ್ಕಿಂತ ಮೊದಲ ಬೆರಳು ಮುಚ್ಚಲಿಕ್ಕೆ ಶುರು ಮಾಡಿರ್ತಾರ, ಎಷ್ಟಕ್ಕಿಂತ ಕಮ್ಮಿ ಬಂದ್ರ ಬಿಡಬೇಕು ಅನ್ನೋದನ್ನ ಡೇಟಾ ನೋಡೋಕ್ಕಿಂತ ಮೊದಲ ಬರದಿಟ್ಟಿರ್ರಿ.

ಹುಬ್ಬಳ್ಳಿಯವರು ಮತ್ತ:
ಪಿ ಮಾತು ಒಪ್ಪಿದೆ ಮೇಡಂ. ಆದ್ರ "ಪುರಾವೆ ಸಾಲಲಿಲ್ಲ" ಅಂದ್ರ ಹುಡುಗರು ಪ್ರಯೋಗ ಫೇಲ್ ಆತು ಅಂತ ತಿಳೀತಾರ, ಅದಕ್ಕ ಏನಂತೀರಿ?

ನಾನು:
ಅದು ನನಗೂ ಹತ್ತಿದ ಚಿಂತಿ. ಸದ್ಯಕ್ಕ "ತಳ್ಳಲು ಪುರಾವೆ ಸಾಲಲಿಲ್ಲ, ವ್ಯತ್ಯಾಸ ಮೈನಸ್ 0.5ರಿಂದ 2.9 ಸೆಂಟಿಮೀಟರ್ ಒಳಗ ಇರಬಹುದು" ಅಂತ ಎರಡೂ ಸೇರಿಸಿ ಬರಸ್ತೀನಿ. "ಸಾಬೀತಾಯಿತು" ಬರದವರಿಗೆ ಮಾರ್ಕ್ಸ್ ಕಟ್, "ಒಪ್ಪಲಾಗಿದೆ" ಬರದವರಿಗೆ ಅರ್ಧ ಕೊಡ್ತೀನಿ, ಯಾಕಂದ್ರ ಎಷ್ಟೋ ನೋಟ್ಸ್‌ನಾಗ ಹಂಗ ಅಚ್ಚಾಗೇದ. ಇದಕ್ಕಿಂತ ಸಣ್ಣ ಮಾತು ಯಾರಿಗಾದ್ರೂ ಹೊಳದ್ರ ಹೇಳ್ರಿ, ಉತ್ತರಪತ್ರಿಕೆಯೊಳಗ ಇಷ್ಟುದ್ದ ಬರೀಲಿಕ್ಕೆ ಜಾಗ ಇರೂದಿಲ್ಲ.