ಎದುರಿನವನು ಕೈ ಎತ್ತಿದರೆ ನಷ್ಟ ಯಾರ ಪಾಲಿಗೆ?

ಪ್ರಶ್ನೆ: ಫ್ಯೂಚರ್ಸ್ ಶುರು ಮಾಡೋಣ ಅಂತಿದೀನಿ. ಎದುರಿನ ಪಾರ್ಟಿ ಮುಳುಗಿದರೂ ಕ್ಲಿಯರಿಂಗ್ ಹೌಸ್ ಗ್ಯಾರಂಟಿ ಅಂತಾರೆ. ಆ ದುಡ್ಡು ಎಲ್ಲಿಂದ ಬರುತ್ತೆ? ಅನುಭವ ಇದ್ದವರು ಹೇಳಿ.

ದಿನದ ಟ್ರೇಡರ್: ಚಿಂತೆ ಬೇಡ. ಟ್ರೇಡ್ ಆದಮೇಲೆ ಎದುರಿನವನು ಯಾರೇ ಆಗಿರಲಿ, ನಮ್ಮ ಲೆಕ್ಕ ಕ್ಲಿಯರಿಂಗ್ ಹೌಸ್ ಜೊತೆ. ಮುಳುಗಿದವನು ಮೊದಲೇ ಇಟ್ಟ ಠೇವಣಿ, ಅಂದ್ರೆ ಮಾರ್ಜಿನ್, ಅದರ ಕೈಯಲ್ಲೇ ಇರುತ್ತೆ, ಸಾಲದಿದ್ರೆ ತನ್ನ ಜೇಬಿಂದ ಹಾಕುತ್ತೆ. ಬೇರೆ ಯಾರಿಗೂ ಬಿಸಿ ತಟ್ಟಲ್ಲ.

ರಿಸ್ಕ್ ಡೆಸ್ಕ್‌ನವನು: ಕೊನೆಯ ಮಾತು ಬಿಟ್ಟು ಉಳಿದದ್ದು ಹೆಚ್ಚುಕಮ್ಮಿ ಸರಿ. ಕ್ಲಿಯರಿಂಗ್ ಹೌಸ್ ಜೊತೆ ನೇರ ಲೆಕ್ಕ ಇರೋ ಸದಸ್ಯ ಸಂಸ್ಥೆಯೊಂದರಲ್ಲಿ ಇದೇ ಕೆಲಸ ಮಾಡಿದವನು ನಾನು. ನಾವು ಮತ್ತೆ ಮತ್ತೆ ಓದುತ್ತಿದ್ದದ್ದು ಸ್ವೀಡನ್ನಿನ ಕ್ಲಿಯರಿಂಗ್ ಹೌಸ್ ನಾಸ್ಡಾಕ್ ಕ್ಲಿಯರಿಂಗ್‌ನ 2018ರ ಪ್ರಕರಣ. ನಾರ್ವೆಯ ಐನಾರ್ ಓಸ್ ಎಂಬ ವ್ಯಾಪಾರಿ ನಾರ್ಡಿಕ್ ಮತ್ತು ಜರ್ಮನ್ ವಿದ್ಯುತ್ ದರಗಳ ಅಂತರ ಕಿರಿದಾಗುತ್ತೆ ಅಂತ ದೊಡ್ಡ ಪೊಸಿಷನ್ ಹಿಡಿದಿದ್ದ. ಸೆಪ್ಟೆಂಬರ್ 10ರಂದು ಆ ಅಂತರ ಉಲ್ಟಾ ಹಿಗ್ಗಿತು, ಅದೂ ಮಾಮೂಲಿ ದಿನದ ಏರಿಳಿತದ ಸುಮಾರು 17 ಪಟ್ಟು. ಇನ್ನಷ್ಟು ಮಾರ್ಜಿನ್ ಹಾಕು ಅನ್ನೋ ಮಾರ್ಜಿನ್ ಕಾಲ್ ಬಂದಾಗ ಕಟ್ಟಲಾಗಲಿಲ್ಲ, ಮರುದಿನ ಡಿಫಾಲ್ಟ್ ಅಂತ ಘೋಷಿಸಿದರು. ಅವನ ಪೊಸಿಷನ್ನನ್ನು ಹರಾಜು ಹಾಕಿದಾಗ, ಅವನು ಇಟ್ಟಿದ್ದೆಲ್ಲ ಕರಗಿ ಇನ್ನೂ 11.4 ಕೋಟಿ ಯೂರೋ ಕೊರತೆ ಉಳಿಯಿತು. ಕ್ಲಿಯರಿಂಗ್ ಹೌಸ್ ತನ್ನ ಪಾಲಿನಿಂದ ಮೊದಲು ಹಾಕಿದ್ದು 70 ಲಕ್ಷ ಯೂರೋ ಅಷ್ಟೇ. ಉಳಿದ 10.7 ಕೋಟಿ ಹೋಗಿದ್ದು ಬೇರೆ ಸದಸ್ಯರು ಕಟ್ಟಿದ್ದ ಡಿಫಾಲ್ಟ್ ಫಂಡ್‌ನಿಂದ. ಅವರಲ್ಲಿ ಅವನ ಜೊತೆ ಒಂದೂ ವ್ಯವಹಾರ ಮಾಡದವರೂ ಸೇರಿದ್ದರು.

ಹಾಗಿದ್ದರೂ ಒಬ್ಬರ ಹಿಂದೆ ಒಬ್ಬರು ಮುಳುಗೋ ಸರಣಿ ಅಲ್ಲೇ ನಿಂತಿತು. ಅವನ ಎದುರು ಗೆದ್ದವರಿಗೆ ಬರಬೇಕಾದ ದುಡ್ಡು ಬಂತು. ಅದು ಬರದಿದ್ದರೆ ಅವರೂ ತಮ್ಮ ಬಾಕಿ ಕಟ್ಟಲಾಗದೆ ಮುಳುಗುತ್ತಿದ್ದರು, ಅವರಿಂದ ಮುಂದಿನವರು. ಇಲ್ಲಿ ನಷ್ಟ ಮಾಯವಾಗಲಿಲ್ಲ, ಯಾರನ್ನೂ ಮುಳುಗಿಸದಷ್ಟು ಸಣ್ಣ ಪಾಲುಗಳಾಗಿ ಹಂಚಿಹೋಯಿತು. ನನಗೆ ಕೋಪ ಬರೋದು ಹರಾಜಿನ ವಿಷಯಕ್ಕೆ: ಕರೆದದ್ದು ಕೆಲವೇ ಸದಸ್ಯರನ್ನು. ಬಿಡ್ಡರ್‌ಗಳು ಕಮ್ಮಿಯಾದಷ್ಟೂ ಬೆಲೆ ಕೆಡುತ್ತೆ, ಆ ವ್ಯತ್ಯಾಸವನ್ನೂ ಫಂಡೇ ತುಂಬಬೇಕು. 2021ರಲ್ಲಿ ಸ್ವೀಡನ್ನಿನ ನಿಯಂತ್ರಕರು ನಾಸ್ಡಾಕ್ ಕ್ಲಿಯರಿಂಗ್‌ಗೆ 30 ಕೋಟಿ ಕ್ರೋನರ್ ದಂಡ ಹಾಕಿದರು.

ಸಣ್ಣ ಹೂಡಿಕೆದಾರ: ಇದೆಲ್ಲ ಕೇಳೋಕೆ ಚೆನ್ನಾಗಿದೆ. ನಮ್ಮ ಬ್ರೋಕರ್ ಬಾಗಿಲು ಹಾಕಿದಾಗ ಕ್ಲಿಯರಿಂಗ್ ಹೌಸ್‌ಗೆ ಬರೆದೆ, ಒಂದು ಪೈಸೆ ಬರಲಿಲ್ಲ. ಯಾವ ಗ್ಯಾರಂಟಿ ಸ್ವಾಮಿ?

ರಿಸ್ಕ್ ಡೆಸ್ಕ್‌ನವನು: ನಿಮ್ಮ ನೋವು ಅರ್ಥವಾಗುತ್ತೆ ಸರ್, ಆದರೆ ಅದು ಬೇರೆ ಕೊಂಡಿ. ಗ್ಯಾರಂಟಿ ಇರೋದು ಕ್ಲಿಯರಿಂಗ್ ಹೌಸ್ ಮತ್ತು ಸದಸ್ಯರ ನಡುವೆ. ಬ್ರೋಕರ್ ನಿಮ್ಮ ದುಡ್ಡನ್ನೇ ಬಳಸಿಕೊಂಡಿದ್ದರೆ ಈ ಫಂಡ್ ಅದನ್ನು ತುಂಬಲ್ಲ. ಗ್ರಾಹಕರ ಹಣ ಬೇರೆ ಖಾತೆಯಲ್ಲಿದೆಯಾ, ಬ್ರೋಕರ್ ಬಿದ್ದರೆ ಪೊಸಿಷನ್ ಇನ್ನೊಬ್ಬ ಸದಸ್ಯನಿಗೆ ವರ್ಗ ಆಗುತ್ತಾ ಅಂತ ಮೊದಲೇ ಕೇಳಿ.

ಪ್ರಶ್ನೆ ಕೇಳಿದವರು: ಹಾಗಾದ್ರೆ ಮಾರ್ಜಿನ್ ಜಾಸ್ತಿ ಕೇಳೋ ಕಡೆ ಹೋಗೋದೇ ಸೇಫ್ ತಾನೆ?

ದಿನದ ಟ್ರೇಡರ್: ಹೌದು.

ರಿಸ್ಕ್ ಡೆಸ್ಕ್‌ನವನು: ಅಷ್ಟು ಸುಲಭ ಅಲ್ಲ. ಮಾರುಕಟ್ಟೆ ಅಲುಗಾಡಿದ ದಿನವೇ ಮಾರ್ಜಿನ್ ಏರಿಸಿದರೆ, ಸರಿಯಾಗಿ ಕಟ್ಟುತ್ತಿದ್ದವರಿಗೂ ಕ್ಯಾಶ್ ಸಾಲದೆ ಬಂದ ಬೆಲೆಗೆ ಮಾರಬೇಕಾಗುತ್ತೆ. ಎಷ್ಟು ಏರಿಸಬೇಕು ಅಂತ ನಮ್ಮ ಡೆಸ್ಕ್‌ನಲ್ಲೇ ಒಮ್ಮತ ಇರಲಿಲ್ಲ.