ಅಪ್‌ಡೇಟ್: ಆಸ್ಪತ್ರೆಯಲ್ಲಿರುವ ಗೆಳೆಯನಿಗೆ ಹುಟ್ಟುಹಬ್ಬದ ಮೆಸೇಜ್ ಕಳಿಸಿದೆ

ನನ್ನ ಪ್ರಶ್ನೆ ಇದಾಗಿತ್ತು: "ಗೆಳೆಯನಿಗೆ ಹೊಟ್ಟೆಯ ಆಪರೇಷನ್ ಆಗಿದೆ. ನಾಳೆ ಅವನ ಹುಟ್ಟುಹಬ್ಬ. ಖುಷಿಯಾಗಿರಬೇಕು, ಆದರೆ ತುಂಬಾ ಚಿಕ್ಕದಾಗಿರಬೇಕು. ಏನು ಬರೆಯಲಿ?"

ಕೊನೆಗೆ ಕಳಿಸಿದ್ದು ಇಷ್ಟೇ:

"ಹ್ಯಾಪಿ ಬರ್ತ್‌ಡೇ ಕಣೋ! ಇಡೀ ದಿನ ಮಲಗಿರೋಕೆ ಡಾಕ್ಟರೇ ಪರ್ಮಿಷನ್ ಕೊಟ್ಟಿದ್ದಾರೆ, ಮಜಾ ಮಾಡು. ರಿಪ್ಲೈ ಬೇಡ."

ಮೊದಲು ಬರೆದದ್ದು ಬೇರೆಯೇ ಇತ್ತು. "ಹೇಗಿದ್ದೀಯಾ? ನೋವು ಕಡಿಮೆ ಆಯ್ತಾ? ಡಿಸ್ಚಾರ್ಜ್ ಯಾವಾಗ?" ಅಂತ ಮೂರು ಪ್ರಶ್ನೆ. ಕಳಿಸುವ ಮುಂಚೆ ಅವನ ಅಕ್ಕನಿಗೆ ತೋರಿಸಿದೆ. "ಅವನ ಬಲಗೈಗೆ ಡ್ರಿಪ್ ಹಾಕಿದ್ದಾರೆ, ಟೈಪ್ ಮಾಡೋದು ಕಷ್ಟ. ಪ್ರಶ್ನೆ ಕೇಳಿದರೆ ಉತ್ತರ ಕೊಡಬೇಕಲ್ಲಾ ಅಂತ ಒದ್ದಾಡ್ತಾನೆ" ಎಂದರು. ಮೂರನ್ನೂ ತೆಗೆದುಹಾಕಿದೆ. "ಬೇಗ ಹುಷಾರಾಗು" ಅನ್ನೋದೂ ಹೋಯಿತು. ಅದನ್ನು ಅವನು ದಿನಾ ಕೇಳುತ್ತಿದ್ದಾನೆ. ಹುಟ್ಟುಹಬ್ಬದ ದಿನವಾದರೂ ಬೇರೆ ಮಾತು ಸಿಗಲಿ, ಅಲ್ವಾ?

ಇನ್ನೊಂದು ನನಗೆ ಹೊಳೆದೇ ಇರಲಿಲ್ಲ. ಹೊಟ್ಟೆಯ ಹೊಲಿಗೆ ಹಸಿಯಾಗಿರುವಾಗ ಜೋರಾಗಿ ನಕ್ಕರೆ ನೋವಾಗುತ್ತದೆ. ಕೆಮ್ಮಿದರೂ ಹಾಗೇ. ಅದಕ್ಕೇ ನಮ್ಮ ಹಳೆಯ ಕಾಲೇಜು ಜೋಕ್ ಬಿಟ್ಟು, ತುಟಿಯಂಚಲ್ಲಿ ನಗು ಬರುವಷ್ಟು ಮಾತ್ರ ಇಟ್ಟುಕೊಂಡೆ.

ರಾತ್ರಿ ಹನ್ನೆರಡಕ್ಕೆ ಕಳಿಸುವ ಅಭ್ಯಾಸವನ್ನೂ ಬಿಟ್ಟೆ. ನಿದ್ದೆ ಬರುವುದೇ ಕಷ್ಟ, ಫೋನ್ ಸದ್ದು ಬೇರೆ ಯಾಕೆ? ಬೆಳಿಗ್ಗೆ ಡಾಕ್ಟರ್ ರೌಂಡ್ಸ್ ಮುಗಿದ ಮೇಲೆ ಕಳಿಸಿದೆ. ಚಿಕ್ಕದಾಗಿದ್ದರಿಂದ ಫೋನ್ ತೆರೆಯದೆಯೇ ಪೂರ್ತಿ ಓದಿದನಂತೆ.

ರಿಪ್ಲೈ ಬೇಡ ಅಂದಿದ್ದರೂ ಸಂಜೆ ಎಡಗೈಯಲ್ಲಿ ಒಂದು ಹೆಬ್ಬೆರಳಿನ ಎಮೋಜಿ ಕಳಿಸಿದ. ಹಟಮಾರಿ.