ಸಿವಿಲ್ ಸೀನಿಯರ್ ಆಫೀಸಿಗೆ ಪತ್ರ: ಮೂಟ್, ಇಂಟರ್ನ್‌ಶಿಪ್ ಬಗ್ಗೆ ಏನು ಬರೆಯಬೇಕು?

ಕೇಳಿದವರು: ಈ ವರ್ಷ ಐದು ವರ್ಷದ ಎಲ್‌ಎಲ್‌ಬಿ ಮುಗಿಯಿತು. ಬೆಂಗಳೂರಿನಲ್ಲಿ ಸಿವಿಲ್ ಕೇಸು ನಡೆಸುವ ಸೀನಿಯರ್ ಹತ್ತಿರ ಜೂನಿಯರ್ ಆಗಿ ಸೇರಬೇಕು. ರಿಟ್ ಅರ್ಜಿಯ ಒಂದು ಮೂಟ್‌ನಲ್ಲಿ, ಅಂದರೆ ಅಣಕು ನ್ಯಾಯಾಲಯದ ಸ್ಪರ್ಧೆಯಲ್ಲಿ, ಅರ್ಜಿದಾರರ ಪರ ವಾದಿಸಿ ಸೆಮಿಫೈನಲ್ ತನಕ ಹೋಗಿದ್ದೆವು. ಇಂಟರ್ನ್‌ಶಿಪ್ ಮೂರು ಕಡೆ: ಸಿಟಿ ಸಿವಿಲ್ ಕೋರ್ಟ್ ವಕೀಲರೊಬ್ಬರ ಆಫೀಸು, ಒಂದು ಕಂಪನಿ, ಒಂದು ಎನ್‌ಜಿಒ. ಪತ್ರ ಎರಡು ಪುಟ ಆಗಿದೆ. ಯಾರೂ ಉತ್ತರ ಕೊಡುತ್ತಿಲ್ಲ. ಏನು ಇಡಲಿ, ಏನು ಬಿಡಲಿ?

ಕಂಪನಿಯೊಂದರ ನೇಮಕಾತಿ ವಿಭಾಗದಲ್ಲಿರುವವರು: ಜಾಹೀರಾತಿನಲ್ಲಿರುವ ಪದಗಳೇ ನಿಮ್ಮ ಪತ್ರದಲ್ಲೂ ಇರಲಿ. ಇಲ್ಲದಿದ್ದರೆ ಸಾಫ್ಟ್‌ವೇರ್ ಮೊದಲ ಸುತ್ತಿನಲ್ಲೇ ತೆಗೆದುಹಾಕುತ್ತದೆ. ಮೂರೂ ಇಂಟರ್ನ್‌ಶಿಪ್ ಹಾಕಿ. ಕೌಶಲಗಳ ಪಟ್ಟಿ ಮೇಲೆ ಬರಲಿ.

ಸಿವಿಲ್ ವಕೀಲೆ, ಬೆಂಗಳೂರು: ಅದು ದೊಡ್ಡ ಲಾ ಫರ್ಮ್‌ಗೆ ಸರಿ ಸರ್. ಸೀನಿಯರ್ ಆಫೀಸಿನಲ್ಲಿ ಜಾಹೀರಾತೂ ಇಲ್ಲ, ಸಾಫ್ಟ್‌ವೇರೂ ಇಲ್ಲ. ಕೋರ್ಟ್ ಮುಗಿಸಿ ಬಂದು, ಕಕ್ಷಿದಾರರು ಹೊರಗೆ ಕಾಯುತ್ತಿರುವಾಗ, ಫೋನಿನಲ್ಲಿ ಪತ್ರ ಓದುತ್ತೇವೆ. ಮೊದಲ ಐದಾರು ಸಾಲಿನಲ್ಲಿ ಏನೂ ಸಿಗದಿದ್ದರೆ ಮುಂದೆ ಓದುವುದೇ ಇಲ್ಲ.

ನಾನು ಹುಡುಕುವುದು ಒಂದೇ. ಈ ಹುಡುಗಿಗೆ ಒಂದು ಫೈಲು ಕೊಟ್ಟರೆ, ಅದನ್ನು ಓದಿ ನನಗೆ ಗೊತ್ತಿಲ್ಲದ ಏನನ್ನಾದರೂ ಹೇಳಬಲ್ಲಳಾ? ಸಿಟಿ ಸಿವಿಲ್ ಆಫೀಸಿನಲ್ಲಿ ನೀವು ಕೈಯಾರೆ ಮಾಡಿದ ಕೆಲಸ ಏನು? ಮೂಟ್‌ನಲ್ಲಿ ಬೆಂಚ್ ನಿಮ್ಮನ್ನು ಯಾವ ಪ್ರಶ್ನೆಯಲ್ಲಿ ಹಿಡಿದು ನಿಲ್ಲಿಸಿತು? ಈ ಎರಡಕ್ಕೆ ಉತ್ತರ ಬರೆಯಿರಿ, ಆಮೇಲೆ ಪತ್ರ ನೋಡೋಣ.

ಕೇಳಿದವರು: ಆಫೀಸಿನಲ್ಲಿ ಜಾಸ್ತಿ ಹೊತ್ತು ಕೋರ್ಟ್ ಹಾಲ್‌ನಲ್ಲಿ ಸುಮ್ನೆ ಕೂತು ನೋಡುತ್ತಿದ್ದೆ ಮೇಡಂ. ಒಂದು ಸೈಟಿನ ಬರೀ ತಡೆಯಾಜ್ಞೆ ದಾವೆಯಲ್ಲಿ ಸರ್ ದಿನಾಂಕಗಳ ಪಟ್ಟಿ ಮಾಡಿಸಿದರು. ಆಗ ಕ್ರಯಪತ್ರದ ಚಕ್ಕುಬಂದಿಗೂ ದಾವೆಯ ಷೆಡ್ಯೂಲ್‌ಗೂ ಹೊಂದುತ್ತಿರಲಿಲ್ಲ. ಪೂರ್ವ ಪಶ್ಚಿಮ ಅದಲುಬದಲು ಆಗಿತ್ತು. ಹೇಳಿದೆ. ಸರ್ ತಿದ್ದುಪಡಿ ಅರ್ಜಿ ಹಾಕಿಸಿದರು. ಇದನ್ನು ಪತ್ರದಲ್ಲಿ ಬರೆದಿಲ್ಲ, ಸಣ್ಣ ವಿಷಯ ಅನ್ನಿಸಿತು.

ಮೂಟ್‌ನಲ್ಲಿ: "ಮೇಲ್ಮನವಿ ದಾರಿ ಇದೆಯಲ್ಲ, ನೇರವಾಗಿ ಹೈಕೋರ್ಟಿಗೆ ಯಾಕೆ ಬಂದಿರಿ?" ಅಂತ ಕೇಳಿದರು.

ಸಿವಿಲ್ ವಕೀಲೆ, ಬೆಂಗಳೂರು: ಸಣ್ಣ ವಿಷಯವಾ! ನಿಮ್ಮ ಎರಡು ಪುಟದಲ್ಲಿ ಇಲ್ಲದ್ದೇ ಅದು.

ಯಾಕೆ ಅಂತ ಹೇಳುತ್ತೇನೆ. ಸ್ಥಿರ ಆಸ್ತಿಯ ದಾವೆಯಲ್ಲಿ ಆಸ್ತಿಯನ್ನು ಗುರುತಿಸಲು ಸಾಲುವಷ್ಟು ವಿವರ ಇರಲೇಬೇಕು. ಸಿಪಿಸಿ ಆರ್ಡರ್ 7 ರೂಲ್ 3 ಹೇಳುವುದು ಅದನ್ನೇ. ಚಕ್ಕುಬಂದಿ ತಪ್ಪಿದ್ದರೆ ಎದುರು ವಕೀಲರು ಪಾಟೀಸವಾಲಿನಲ್ಲಿ ವಾದಿಯನ್ನು ನಿಲ್ಲಿಸಿ, "ನೀವು ಕೇಳುತ್ತಿರುವ ಸೈಟು ನಿಮ್ಮ ಕ್ರಯಪತ್ರದ ಸೈಟಲ್ಲ, ಅಲ್ವಾ?" ಅಂತಾರೆ. ಅಲ್ಲಿಂದ ಆಸ್ತಿಯ ಗುರುತೇ ವಿವಾದ ಆಗುತ್ತದೆ. ಬರೀ ತಡೆಯಾಜ್ಞೆ ಕೇಳಿದ ವಾದಿಗೆ ಅದು ಕಷ್ಟ. ವಿಚಾರಣೆ ಶುರುವಾಗುವ ಮೊದಲೇ ಕಂಡರೆ ತಿದ್ದುಪಡಿ ಸುಲಭ. ಶುರುವಾದ ಮೇಲೆ ಕೇಳಿದರೆ, ಎಚ್ಚರದಿಂದ ಇದ್ದರೂ ಮೊದಲು ಇದನ್ನು ಎತ್ತಲು ಆಗಲಿಲ್ಲ ಅಂತ ಕೋರ್ಟಿಗೆ ಮನವರಿಕೆ ಮಾಡಬೇಕು. ಆರ್ಡರ್ 6 ರೂಲ್ 17ರ ಷರತ್ತು ಅದು. ಸಿವಿಲ್ ಸೀನಿಯರ್ ಯಾರೇ ಆಗಲಿ, ಇದನ್ನು ಓದಿದ ಕೂಡಲೇ ನಿಮ್ಮ ಬೆಲೆ ತಿಳಿಯುತ್ತದೆ.

ನಿಮ್ಮ ಪತ್ರದಲ್ಲಿ ಈಗ ಬಹುಶಃ ಹೀಗಿದೆ: "ಇಂಟರ್ನ್‌ಶಿಪ್ ಅವಧಿಯಲ್ಲಿ ಸಂಶೋಧನೆ, ಡ್ರಾಫ್ಟಿಂಗ್, ಕೋರ್ಟ್ ಕಲಾಪಗಳ ಅನುಭವ ಪಡೆದೆ." ಇದನ್ನು ಯಾರು ಬೇಕಾದರೂ ಬರೆಯಬಹುದು. ಹೀಗೆ ಬದಲಿಸಿ. ಪತ್ರ ಇಂಗ್ಲಿಷ್‌ನಲ್ಲೇ ಇರಲಿ, ವಿಷಯ ಇದು:

"ಸೈಟೊಂದರ ತಡೆಯಾಜ್ಞೆ ದಾವೆಯಲ್ಲಿ ವಾದಿಯ ಪರ ದಿನಾಂಕಗಳ ಪಟ್ಟಿ ಸಿದ್ಧಪಡಿಸಿದೆ. ಕನ್ನಡದ ಕ್ರಯಪತ್ರವನ್ನು ದಾವೆಯ ಷೆಡ್ಯೂಲ್ ಜೊತೆ ಹೋಲಿಸಿದಾಗ ಪೂರ್ವ, ಪಶ್ಚಿಮದ ಚಕ್ಕುಬಂದಿ ಅದಲುಬದಲಾಗಿದ್ದು ಕಂಡಿತು. ಸೀನಿಯರ್ ಗಮನಕ್ಕೆ ತಂದೆ. ಅವರು ತಿದ್ದುಪಡಿ ಅರ್ಜಿ ಸಲ್ಲಿಸಿದರು."

ಇಷ್ಟೇ. "ಕನ್ನಡದ ಕ್ರಯಪತ್ರ" ಅನ್ನುವುದನ್ನು ಬಿಡಬೇಡಿ. ಹಳೆಯ ಕೈಬರಹದ ಪತ್ರ, ಪಹಣಿ, ಕನ್ನಡದ ಸಾಕ್ಷ್ಯ ಓದಲು ಬರುವ ಜೂನಿಯರ್ ಸಿಗುವುದು ಈಗ ಕಷ್ಟ. ದೊಡ್ಡ ಕಾಲೇಜಿನಿಂದ ಬಂದವರು ಎಷ್ಟೋ ಜನ ಅಲ್ಲೇ ಸಿಕ್ಕಿಬೀಳುತ್ತಾರೆ.

ಮೂಟ್ ವಿಷಯ. ಸೆಮಿಫೈನಲ್ ಅನ್ನುವುದು ರೆಸ್ಯೂಮೆಯಲ್ಲಿ ಒಂದು ಸಾಲು ಸಾಕು. ಪತ್ರಕ್ಕೆ ಬೇಕಾದದ್ದು ಆ ಪ್ರಶ್ನೆ, ನಿಮ್ಮ ಉತ್ತರ. ಬೇರೆ ಪರಿಹಾರ ಇದ್ದರೂ ರಿಟ್ ಯಾವಾಗ ನಿಲ್ಲುತ್ತದೆ ಅಂತ 1998ರ ವರ್ಲ್‌ಪೂಲ್ ತೀರ್ಪು ಹೇಳಿದೆ: ಮೂಲಭೂತ ಹಕ್ಕಿನ ಪ್ರಶ್ನೆ, ಸಹಜ ನ್ಯಾಯದ ಉಲ್ಲಂಘನೆ, ಅಧಿಕಾರವೇ ಇಲ್ಲದ ಆದೇಶ, ಕಾಯ್ದೆಯ ಸಿಂಧುತ್ವಕ್ಕೇ ಸವಾಲು. ನೀವು ಯಾವುದನ್ನು ಹಿಡಿದಿರಿ?

ಕೇಳಿದವರು: ನೋಟಿಸ್ ಕೊಡದೆ ಲೈಸೆನ್ಸ್ ರದ್ದು ಮಾಡಿದ್ದರು, ಅದಕ್ಕೆ ಸಹಜ ನ್ಯಾಯ ಅಂದೆ. ಮೊದಲು ಅಧಿಕಾರ ಇಲ್ಲ ಅಂತಲೂ ವಾದಿಸುತ್ತಿದ್ದೆ. ಬೆಂಚ್ ನಿಯಮ ತೋರಿಸಿದ ಮೇಲೆ ಅದನ್ನು ಬಿಟ್ಟೆ.

ಸಿವಿಲ್ ವಕೀಲೆ, ಬೆಂಗಳೂರು: ಅದನ್ನೇ ಬರೆಯಿರಿ. "ಅಧಿಕಾರದ ವಾದವನ್ನು ಬೆಂಚ್ ಮುಂದೆ ಬಿಟ್ಟುಕೊಟ್ಟು, ನೋಟಿಸ್ ಇಲ್ಲದ ಆದೇಶ ಅನ್ನುವ ಒಂದೇ ಅಂಶದ ಮೇಲೆ ನಿಂತೆ." ನಿಲ್ಲದ ವಾದವನ್ನು ಸಮಯಕ್ಕೆ ಬಿಡುವುದು ಹಲವರಿಗೆ ವರ್ಷಗಟ್ಟಲೆ ಪ್ರಾಕ್ಟೀಸ್ ಮಾಡಿದರೂ ಬರುವುದಿಲ್ಲ. ಇನ್ನೊಂದು, ಮೂಟ್‌ಗೆ ಕೊಟ್ಟ ಲಿಖಿತ ವಾದ, ಅಂದರೆ ಮೆಮೋರಿಯಲ್‌ನ ಯಾವ ಭಾಗ ನೀವು ಬರೆದದ್ದು ಅಂತ ಪ್ರಾಮಾಣಿಕವಾಗಿ ಹಾಕಿ. ನಾನಂತೂ ಮೆಮೋರಿಯಲ್ ತರಿಸಿ, ಒಂದು ಪ್ಯಾರಾ ತೋರಿಸಿ, ಇದು ಯಾರದ್ದು ಅಂತ ಕೇಳುತ್ತೇನೆ. ಸಂಶೋಧನೆ ಗೆಳೆಯನದು, ವಾದ ನಿಮ್ಮದು ಆಗಿದ್ದರೂ ಪರವಾಗಿಲ್ಲ.

ಕಂಪನಿ, ಎನ್‌ಜಿಒ ಪತ್ರದಲ್ಲಿ ಬೇಡ. ರೆಸ್ಯೂಮೆಯಲ್ಲಿ ಇರಲಿ.

ಕಲಬುರಗಿಯ ವಕೀಲರು: ಪತ್ರ ಗಿತ್ರ ಎಲ್ಲ ಬೆಂಗಳೂರಿನ ಕಥೆ ತಂಗಿ. ನಾನು ಯಾರಿಗೂ ಬರೆಯಲಿಲ್ಲ. ಇಲ್ಲಿ ಹೈಕೋರ್ಟ್ ಪೀಠ ಬಂದ ಮೇಲೆ ರಿಟ್, ಮೇಲ್ಮನವಿ ಕೆಲಸ ಜಾಸ್ತಿ ಆಯಿತು, ಜೂನಿಯರ್ ಬೇಕಿತ್ತು. ನೇರ ಸೀನಿಯರ್ ಆಫೀಸಿಗೆ ಹೋಗಿ ಕ್ಲರ್ಕ್ ಹತ್ತಿರ ಮಾತಾಡಿದೆ. ಯಾವ ದಿನ ಸಾಹೇಬರಿಗೆ ಕೆಲಸ ಕಡಿಮೆ ಅಂತ ಅವರೇ ಹೇಳಿದರು. ಹಾಗೇ ಸೇರಿದೆ. ನಿಮಗೆ ಬೆಂಗಳೂರೇ ಯಾಕೆ? ಇಲ್ಲಿ ಬಂದರೆ ಮೊದಲ ವರ್ಷದಲ್ಲೇ ಎದ್ದು ನಿಂತು ಮಾತಾಡಬಹುದು.

ಸಿವಿಲ್ ವಕೀಲೆ, ಬೆಂಗಳೂರು: ಹೋಗುವುದು ಒಳ್ಳೆಯದೇ ಸರ್. ಆದರೆ ಹೋದಾಗ ಕೈಯಲ್ಲಿ ಒಂದು ಪುಟ ಇದ್ದರೆ, ಸೀನಿಯರ್ ಕೋರ್ಟಿನಲ್ಲಿದ್ದರೂ ಅದು ಟೇಬಲ್ ಮೇಲೆ ಉಳಿಯುತ್ತದೆ.

ಹೈಕೋರ್ಟ್ ವಕೀಲರು, ಬೆಂಗಳೂರು: ನನಗೆ ಇದು ಒಪ್ಪಿಗೆಯಿಲ್ಲ. ಕೇಳದೆ ಬಾಗಿಲಿಗೆ ಬಂದವರನ್ನು ನಾನು ಮಾತಾಡಿಸುವುದಿಲ್ಲ. ಇಮೇಲ್ ಕಳಿಸಿ, ಒಂದು ವಾರ ಬಿಟ್ಟು ಒಮ್ಮೆ ಫೋನ್ ಮಾಡಿ. ಒಂದೊಂದು ಆಫೀಸಿನ ಪದ್ಧತಿ ಒಂದೊಂದು, ಅಲ್ಲಿನ ಜೂನಿಯರ್ ಒಬ್ಬರನ್ನು ಕೇಳಿದರೆ ತಿಳಿಯುತ್ತದೆ.

ಹೊಸದಾಗಿ ಎನ್‌ರೋಲ್ ಆದವರು: ಬಾರ್ ಕೌನ್ಸಿಲ್ ನಡೆಸುವ ಎಐಬಿಇ ಪರೀಕ್ಷೆ ಪಾಸಾಗದೆ ಯಾರೂ ತೆಗೆದುಕೊಳ್ಳುವುದಿಲ್ಲ ಕಣ್ರೀ. ಪತ್ರ ಬರೆಯುವ ಮೊದಲು ಅದನ್ನು ಮುಗಿಸಿ. ಎನ್‌ರೋಲ್‌ಮೆಂಟ್‌ಗೂ ಹದಿನೈದಿಪ್ಪತ್ತು ಸಾವಿರ ಎತ್ತಿಟ್ಟುಕೊಳ್ಳಿ.

ಹೈಕೋರ್ಟ್ ವಕೀಲರು, ಬೆಂಗಳೂರು: ಪರೀಕ್ಷೆ ಬರೆಯಬೇಕು ಅನ್ನುವುದು ನಿಜ, ಅದಕ್ಕಾಗಿ ಕಾಯಬೇಕು ಅನ್ನುವುದು ಅಲ್ಲ. ಎಷ್ಟೋ ಜನ ಎನ್‌ರೋಲ್ ಆಗಿ, ಆಫೀಸು ಸೇರಿ, ಆಮೇಲೆ ಬರೆದಿದ್ದಾರೆ. ದುಡ್ಡಿನ ಮಾತು ಹಳೆಯದು. ಕಾಯ್ದೆಯಲ್ಲಿರುವ 750 ರೂಪಾಯಿಗಿಂತ ಜಾಸ್ತಿ ಎನ್‌ರೋಲ್‌ಮೆಂಟ್ ಶುಲ್ಕ ಬಾರ್ ಕೌನ್ಸಿಲ್‌ಗಳು ತೆಗೆದುಕೊಳ್ಳುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಹೇಳಿದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ 125.

ಪತ್ರದಲ್ಲಿ ಸದ್ಯದ ಸ್ಥಿತಿ ಒಂದು ಸಾಲಿನಲ್ಲಿ ಇರಲಿ: ಅರ್ಜಿ ಹಾಕಿದ್ದೀರಾ, ನಂಬರ್ ಬಂದಿದೆಯಾ. ನಂಬರ್ ಬರುವ ತನಕ ವಕಾಲತ್ತಿಗೆ ಸಹಿ ಹಾಕುವ ಹಾಗಿಲ್ಲ, ಹಾಜರಾಗುವ ಹಾಗಿಲ್ಲ. ಇದನ್ನು ಮುಚ್ಚಿಟ್ಟರೆ ಕಷ್ಟ. ನಿಮ್ಮನ್ನು ನಂಬಿ ಸೀನಿಯರ್ ಇನ್ನೊಂದು ಕೋರ್ಟಿಗೆ ಹೋಗಿರುತ್ತಾರೆ.

ಕ್ರಿಮಿನಲ್ ವಕೀಲರು, ಮೈಸೂರು: ನಮ್ಮ ಕಡೆಯ ಒಂದು ಮಾತು. ನನಗೆ ಬಂದ ಪತ್ರವೊಂದರಲ್ಲಿ "482 ಅರ್ಜಿ ಡ್ರಾಫ್ಟ್ ಮಾಡಿದೆ" ಅಂತ ಇತ್ತು. ಯಾವ 482? ಹಳೆಯ ಸಿಆರ್‌ಪಿಸಿಯಲ್ಲಿ ಅದು ಹೈಕೋರ್ಟಿನಲ್ಲಿ ಪ್ರಕರಣ ರದ್ದು ಮಾಡಿಸುವುದು. 2024ರ ಜುಲೈ 1ರಿಂದ ಬಂದ ಬಿಎನ್‌ಎಸ್‌ಎಸ್‌ನಲ್ಲಿ ಅದೇ ನಂಬರ್ ನಿರೀಕ್ಷಣಾ ಜಾಮೀನು, ರದ್ದು ಮಾಡಿಸುವುದಕ್ಕೆ 528. ಕೇಳಿದರೆ ಹುಡುಗನಿಗೂ ಖಾತ್ರಿ ಇರಲಿಲ್ಲ. ಕಲಂ ಹಾಕುವುದಾದರೆ ಕಾಯ್ದೆಯ ಹೆಸರೂ ಹಾಕಿ.

ಕೇಳಿದವರು: ಆ ತಿದ್ದುಪಡಿ ಅರ್ಜಿಯ ಮೊದಲ ಡ್ರಾಫ್ಟ್ ನಾನೇ ಮಾಡಿದ್ದು. ಮಾದರಿಗೆ ಲಗತ್ತಿಸಬಹುದಾ?

ಸಿವಿಲ್ ವಕೀಲೆ, ಬೆಂಗಳೂರು: ಮೊದಲು ಆ ಸರ್ ಅನುಮತಿ ಕೇಳಿ. ಕೊಟ್ಟರೆ ಹೆಸರು, ದಾವೆ ನಂಬರ್, ಸೈಟ್ ನಂಬರ್, ಬಡಾವಣೆ ಎಲ್ಲ ತೆಗೆಯಿರಿ. ಚಕ್ಕುಬಂದಿಯಲ್ಲಿ ಅಕ್ಕಪಕ್ಕದವರ ಹೆಸರು ಇರುತ್ತದೆ, ಅದೂ ಹೋಗಬೇಕು. ಕಪ್ಪು ಪಟ್ಟಿ ಎಳೆದ ಪಿಡಿಎಫ್ ಕಳಿಸಬೇಡಿ, ಎಷ್ಟೋ ಸಲ ಪಟ್ಟಿಯ ಕೆಳಗಿನ ಅಕ್ಷರ ಕಾಪಿ ಮಾಡಿದರೆ ಬಂದುಬಿಡುತ್ತದೆ. ಹೊಸದಾಗಿ ಟೈಪ್ ಮಾಡಿ. ಅನುಮತಿ ಸಿಗದಿದ್ದರೆ ಮೆಮೋರಿಯಲ್‌ನ ನಿಮ್ಮ ಭಾಗ ಸಾಕು. ಕಕ್ಷಿದಾರರ ಕಾಗದ ಊರಿಗೆಲ್ಲ ಕಳಿಸುವವರನ್ನು ಯಾರು ಆಫೀಸಿಗೆ ಸೇರಿಸುತ್ತಾರೆ?

ಹೊಸದಾಗಿ ಎನ್‌ರೋಲ್ ಆದವರು: ಸಂಬಳ ಕೇಳಬೇಕಾ ಪತ್ರದಲ್ಲಿ? ಬಾರ್ ಕೌನ್ಸಿಲ್ ಆಫ್ ಇಂಡಿಯಾ 2024ರಲ್ಲಿ ನಗರಗಳಲ್ಲಿ ತಿಂಗಳಿಗೆ 20,000, ಹಳ್ಳಿ ಕಡೆ 15,000 ಸ್ಟೈಪೆಂಡ್ ಅಂತ ಸುತ್ತೋಲೆ ಹೊರಡಿಸಿತ್ತಲ್ಲ.

ಹೈಕೋರ್ಟ್ ವಕೀಲರು, ಬೆಂಗಳೂರು: ಅದು ಶಿಫಾರಸು, ಕಡ್ಡಾಯ ಅಲ್ಲ. ಪತ್ರದಲ್ಲಿ ಬೇಡ. ಭೇಟಿಯಲ್ಲಿ ಕೇಳಿ.

ಸಿವಿಲ್ ವಕೀಲೆ, ಬೆಂಗಳೂರು: ನಾನು ಹಾಗೆ ಹೇಳಲಾರೆ. ಬೇರೆ ಊರಿಂದ ಬಂದು ಪಿಜಿಯಲ್ಲಿ ಇರುವವರು ಮೊದಲೇ ಕೇಳುವುದರಲ್ಲಿ ತಪ್ಪೇನಿದೆ? ಆದರೆ ಅದನ್ನು ಓದಿ ಪತ್ರ ಬದಿಗಿಡುವ ಸೀನಿಯರ್‌ಗಳು ಇದ್ದಾರೆ ಅನ್ನುವುದೂ ಸುಳ್ಳಲ್ಲ.

ಕೇಳಿದವರು: ಒಂದು ಪುಟಕ್ಕೆ ಇಳಿಸಿದೆ. ಮೊದಲ ಪ್ಯಾರಾ ಚಕ್ಕುಬಂದಿ, ಎರಡನೆಯದು ಮೂಟ್, ಕೊನೆಗೆ ಎನ್‌ರೋಲ್‌ಮೆಂಟ್, ಯಾವತ್ತಿನಿಂದ ಬರಬಲ್ಲೆ ಅನ್ನುವುದು. ಸಂಬಳ ಹಾಕಿಲ್ಲ, ಇನ್ನೂ ಯೋಚನೆಯಲ್ಲಿದ್ದೇನೆ.

ಸಿವಿಲ್ ವಕೀಲೆ, ಬೆಂಗಳೂರು: ಕಳಿಸುವ ಮೊದಲು ಆ ತಿದ್ದುಪಡಿ ಅರ್ಜಿಗೆ ಎದುರಿನವರು ತಕರಾರು ಹಾಕಿದರಾ, ಕೋರ್ಟ್ ಏನು ಆದೇಶ ಮಾಡಿತು ಅಂತ ಆ ಆಫೀಸಿಗೆ ಫೋನ್ ಮಾಡಿ ತಿಳಿದುಕೊಳ್ಳಿ. ಭೇಟಿಯಲ್ಲಿ ಮೊದಲ ಪ್ರಶ್ನೆ ಅದೇ ಇರುತ್ತದೆ.